ಇಡ್ಲಿ ಎಣಿಸಿದಿರಿ, ಸಾಂಬಾರು ಎಣಿಸಿದಿರಾ?

"ನಾನು ತಿಂದದ್ದು ಮೂರೇ ಇಡ್ಲಿ ಅಲ್ವಾ, ಮತ್ತೆ ಶುಗರ್ 230 ಹೇಗೆ ಆಯ್ತು?" ಬದಿಯಡ್ಕದ ನಮ್ಮ ಮನೆಯಲ್ಲಿ ಅತ್ತೆ ಒಂದು ಬೆಳಿಗ್ಗೆ ಮೀಟರು ಹಿಡಿದುಕೊಂಡು ಕೇಳಿದ್ದರು. ತಿಂಡಿಗೆ ಸುಮಾರು 45 ಗ್ರಾಂ ಶರ್ಕರಪಿಷ್ಟ ಸಾಕು ಎಂದು ಆಹಾರತಜ್ಞೆ ಹೇಳಿದ್ದರು. ಇಡ್ಲಿಗೆ ಹತ್ತರಂತೆ ಮೂವತ್ತು ಎಂದು ಅತ್ತೆ ಲೆಕ್ಕ ಹಾಕಿದ್ದರು. ಅದೇನೂ ತಪ್ಪಾಗಿರಲಿಲ್ಲ. ಇಡ್ಲಿ ಮುಳುಗುವಷ್ಟು ಸುರಿದುಕೊಂಡ ಸಾಂಬಾರು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಮೊದಲು ನಿಮ್ಮ ಮನೆಯ ಇಡ್ಲಿಯನ್ನೇ ಅಳೆಯಿರಿ. ಕುಡ್ತೆ, ಲೋಟದ ಲೆಕ್ಕ ಒಂದು ದಿನದ ಮಟ್ಟಿಗೆ ಬೇಡ. ಅಕ್ಕಿ, ಉದ್ದು ನೆನೆಹಾಕುವ ಮೊದಲು ತೂಗಿ ಬರೆದಿಡಿ. ನಮ್ಮಲ್ಲಿ ಬೆಳ್ತಿಗೆ ಅಕ್ಕಿ 400 ಗ್ರಾಂ, ಉದ್ದಿನಬೇಳೆ 200 ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ ಇದೆ, ಉದ್ದಿನಬೇಳೆಯಲ್ಲಿ 51. ಅಂದರೆ ಅಕ್ಕಿಯಿಂದ 312, ಉದ್ದಿನಿಂದ 102, ಒಟ್ಟು 414 ಗ್ರಾಂ. ಈ ಹಿಟ್ಟಿಗೆ 40 ಇಡ್ಲಿ ಆಯಿತು. ಒಂದಕ್ಕೆ ಹತ್ತು ಗ್ರಾಂಗಿಂತ ತುಸು ಹೆಚ್ಚು. ನೀರು ಎಷ್ಟೇ ಹಾಕಿದರೂ ಒಟ್ಟು ಲೆಕ್ಕ ಬದಲಾಗದು, ಆದ್ದರಿಂದ ಈ ದಾರಿಯೇ ಹೆಚ್ಚು ನಂಬಬಹುದಾದದ್ದು.

ಉದ್ದು ಜಾಸ್ತಿ ಹಾಕಿದರೆ ಶುಗರ್ ಏರದು ಎಂದು ಹಲವರು ನಂಬಿದ್ದಾರೆ. ಅದೇ 600 ಗ್ರಾಂನಲ್ಲಿ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು ಹಾಕಿದರೂ ಒಟ್ಟು 428 ಗ್ರಾಂ, ಇಡ್ಲಿಗೆ ಅರ್ಧ ಗ್ರಾಂ ಕೂಡ ವ್ಯತ್ಯಾಸ ಬರುವುದಿಲ್ಲ. ನಿಜವಾಗಿ ವ್ಯತ್ಯಾಸ ಮಾಡುವುದು ಇಡ್ಲಿಯ ಗಾತ್ರ. ಅಟ್ಟಿನಳಗೆಯಿಂದ ಇಳಿಸಿದ ನಮ್ಮ ಇಡ್ಲಿ ಸುಮಾರು 40 ಗ್ರಾಂ ತೂಗುತ್ತದೆ. ಪೇಟೆಯ ಹೋಟೆಲಿನಲ್ಲಿ 70 ಗ್ರಾಂನದ್ದು ಸಿಕ್ಕಿದರೆ ಅದರಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಎರಡು ತಿಂದರೆ ಮನೆಯ ಮೂರೂವರೆ ಇಡ್ಲಿಗೆ ಸಮ.

ಇನ್ನು ಸಾಂಬಾರು. ಖಾಲಿ ಪಾತ್ರೆಗೆ ಎಷ್ಟು ಸೌಟು ನೀರು ಹಿಡಿಯುತ್ತದೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ. ನಮ್ಮದು ಹತ್ತು ಸೌಟು, ಒಂದೊಂದು 150 ಮಿಲಿಲೀಟರಿನದ್ದು. ಅದಕ್ಕೆ ಹಾಕುವುದು ತೊಗರಿಬೇಳೆ 100 ಗ್ರಾಂ, ಅದರಲ್ಲಿ 55 ಗ್ರಾಂ ಶರ್ಕರಪಿಷ್ಟ. ಬಟಾಟೆ 150 ಗ್ರಾಂ, ಅದರಿಂದ 22. ಒಂದು ಸಣ್ಣ ತುಂಡು ಬೆಲ್ಲ, 8. ಸೌತೆಕಾಯಿ, ನೀರುಳ್ಳಿ, ಹುಳಿ ಎಲ್ಲ ಸೇರಿ ಸುಮಾರು 15. ಒಟ್ಟು ನೂರು, ಅಂದರೆ ಸೌಟಿಗೆ ಹತ್ತು. ಒಂದು ಸೌಟು ಸಾಂಬಾರು ಒಂದು ಇಡ್ಲಿಗೆ ಸಮವಾಯಿತು! ಬಟಾಟೆ, ಬೆಲ್ಲ ಬಿಟ್ಟರೆ ಅದು ಏಳಕ್ಕೆ ಇಳಿಯುತ್ತದೆ. ಬೇಳೆ ಅಡಿಯಲ್ಲಿ ಕೂರುವುದರಿಂದ ಬಡಿಸುವ ಮೊದಲು ತಳದಿಂದ ಕಲಸಿ. ಇಲ್ಲವಾದರೆ ಕೊನೆಗೆ ಕುಳಿತವರ ಬಟ್ಟಲಿನ ಲೆಕ್ಕ ತಪ್ಪುತ್ತದೆ.

ಅತ್ತೆಯ ಆ ದಿನದ ತಿಂಡಿಯನ್ನು ಮತ್ತೆ ಕೂಡಿಸಿ ನೋಡಿದೆವು. ಮೂರು ಇಡ್ಲಿ 31, ಮೂರು ಸೌಟು ಸಾಂಬಾರು 30, ನೂರು ಮಿಲಿಲೀಟರು ಹಾಲಿನ ಕಾಫಿಗೆ 5, ಒಂದು ಚಮಚ ಸಕ್ಕರೆಗೆ 5. ಒಟ್ಟು 71. ಮಾರನೆಯ ದಿನ ಇಡ್ಲಿ ಮೂರೇ ಇತ್ತು, ಸಾಂಬಾರು ಒಂದು ಸೌಟು, ಕಾಫಿಗೆ ಸಕ್ಕರೆ ಇಲ್ಲ. ಒಟ್ಟು 46. ಒಂದು ಇಡ್ಲಿಯನ್ನೂ ಬಿಡಬೇಕಾಗಲಿಲ್ಲ, ಅದೇ ಅವರಿಗೆ ದೊಡ್ಡ ಸಮಾಧಾನ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ತಿಂಡಿಯನ್ನು ಒಮ್ಮೆಲೇ ಕಡಿಮೆ ಮಾಡಬಾರದು. ಮದ್ದಿನ ಪ್ರಮಾಣ ಹಳೆಯ ಊಟಕ್ಕೆ ಹೊಂದಿಕೊಂಡಿರುತ್ತದೆ. ಹಾಗಾಗಿ ಮೊದಲು ವೈದ್ಯರಿಗೆ ಈ ಅಂಕೆ ತೋರಿಸಿ. ಮೈ ನಡುಗಿ, ಬೆವರಿ, ಮೀಟರು 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಲೆಕ್ಕ ಸರಿಯೇ ಎಂದು ಮೀಟರಿನಿಂದಲೇ ತಿಳಿಯಬೇಕು. ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ನೋಡಿ. ಅದೇ ತಿಂಡಿ, ಅದೇ ಹೊತ್ತು, ಮೂರು ದಿನ. ಎರಡನೆಯ ಅಂಕೆ ಹೆಚ್ಚಿನವರಿಗೆ 180ರ ಒಳಗೆ ಇರಬೇಕು, ನಿಮ್ಮ ಗುರಿ ವೈದ್ಯರು ಹೇಳಿದ್ದೇ. ಮುಂಜಾನೆ ಖಾಲಿ ಹೊಟ್ಟೆಯಲ್ಲೇ ಜಾಸ್ತಿ ಇದ್ದರೆ ತಿಂಡಿಯನ್ನು ದೂರುವಂತಿಲ್ಲ, ಅದು ರಾತ್ರಿಯ ಮದ್ದು ಊಟದ ವಿಷಯ. ಅತ್ತೆಯ ಪುಸ್ತಕದಲ್ಲಿ ಆ ಮೂರು ದಿನದ ಎರಡು ಗಂಟೆಯ ಅಂಕೆಗಳು 174, 181, 168.