ಪ್ಲಸ್ ಹಾಕಿ ನೋಡಿದಾಗ ಬಿದ್ದ ನನ್ನ ಸರ್ಕ್ಯೂಟ್

ಬಾಗಲಕೋಟೆಯ ನವನಗರದ ರೂಮಿನಲ್ಲಿ ಕೂತು, ಕ್ವಾಂಟಮ್ ಪ್ರೋಗ್ರಾಂ ಬರೆಯುವ ಕಿಸ್ಕಿಟ್‌ನಲ್ಲಿ ಮೂರು ಕ್ಯೂಬಿಟ್‌ಗಳ ಬಿಟ್-ಫ್ಲಿಪ್ ಕೋಡ್ ಬರೆದಿದ್ದೆ. ಒಂದು ಕ್ಯೂಬಿಟ್‌ನ ಸ್ಥಿತಿಯನ್ನು ಮೂರರಲ್ಲಿ ಹರಡಿಟ್ಟು, ಅವುಗಳಲ್ಲಿ ಒಂದರ 0, 1 ಅದಲುಬದಲಾದರೆ ಸರಿಪಡಿಸುವುದು ಅದರ ಕೆಲಸ. ಎರಡು ದಿನ ಅದು ಸರಿ ಇದೆ ಅಂತಲೇ ನಂಬಿದ್ದೆ.

ನನ್ನ ಲೆಕ್ಕ ಸರಳವಾಗಿತ್ತು. ಮೂರು ಕ್ಯೂಬಿಟ್‌ಗೂ ಒಂದೊಂದು ಸಹಾಯಕ ಕ್ಯೂಬಿಟ್ ಜೋಡಿಸಿ, ಅಳೆದು, ಬಹುಮತ ಯಾವ ಕಡೆ ಇದೆ ಅಂತ ನೋಡಿ, ಬೇರೆಯಾದದ್ದನ್ನು ತಿರುಗಿಸುವುದು. 0 ಹಾಕಿದರೆ 0 ಬಂತು, 1 ಹಾಕಿದರೆ 1 ಬಂತು. ಆಮೇಲೆ 0 ಮತ್ತು 1 ಸಮನಾಗಿ ಬೆರೆತ ಪ್ಲಸ್ ಸ್ಥಿತಿ ಹಾಕಿದೆ. ಡಿಕೋಡ್ ಮಾಡಿ, ಪ್ಲಸ್ ಅನ್ನು 0 ಮಾಡುವ `h` ಗೇಟ್ ಹಾಕಿ ಅಳೆದರೆ ಯಾವಾಗಲೂ 0 ಬರಬೇಕು. ಸಾವಿರ ಸಲ ಓಡಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ 1 ಬಂತು. ಅಂದರೆ ನನ್ನ ಅಳತೆಯೇ ಸ್ಥಿತಿಯನ್ನು ಕೆಡಿಸಿತ್ತು.

ರೂಮ್‌ಮೇಟ್ ಕಾಗದ ನೋಡಿ, "ಯಾವುದರಾಗ ಏನೈತಿ ಅಂತ ಯಾಕ್ ಕೇಳ್ತಿಯಲೇ? ಎರಡೂ ಒಂದ ಅದಾವೋ ಇಲ್ಲೋ, ಅಷ್ಟ ಕೇಳು" ಅಂದ. ಆಗ ಬರೆದದ್ದು ಇದು:

```python
qc.cx(0, 3)
qc.cx(1, 3)
qc.cx(1, 4)
qc.cx(2, 4)
qc.measure([3, 4], [0, 1])
```

ಕಾಗದದ ಮೇಲೂ ಮಾಡಿ ನೋಡಿದೆ. ಸ್ಥಿತಿ 0.6|000⟩ + 0.8|111⟩ ಇರಲಿ. ನಡುವಿನದು ತಿರುಗಿದರೆ 0.6|010⟩ + 0.8|101⟩ ಆಗುತ್ತದೆ. ಮೊದಲ ಜೋಡಿ ಎರಡೂ ಪದಗಳಲ್ಲಿ ಬೇರೆ ಬೇರೆ, ಎರಡನೆಯ ಜೋಡಿಯೂ ಹಾಗೇ. ಹಾಗಾಗಿ ಸಹಾಯಕಗಳು ಎರಡು ಪದಗಳಿಗೂ 11 ಅಂತಲೇ ಹೇಳುತ್ತವೆ. ಈ 11ರಿಂದ ನಡುವಿನದು ಕೆಟ್ಟಿದೆ ಅಂತ ಗೊತ್ತಾಗುತ್ತದೆ, ಆದರೆ ನಾವು 0.6ರ ಕಡೆ ಇದ್ದೀವಾ 0.8ರ ಕಡೆಯಾ ಅಂತ ಗೊತ್ತಾಗಲ್ಲ. ಅದಕ್ಕೇ 0.6, 0.8 ಹಾಗೇ ಉಳಿಯುತ್ತವೆ. `x(1)` ಹಾಕಿದರೆ ಮೊದಲಿನ ಸ್ಥಿತಿ ವಾಪಸ್.

ಪ್ಲಸ್ ಪರೀಕ್ಷೆ ಈಗ ಸಾವಿರಕ್ಕೆ ಸಾವಿರ ಪಾಸಾಯಿತು. ಖುಷಿಯಲ್ಲಿ 0 ಹಾಕಿ, ಬೇಕಂತಲೇ `x(0)` ತಪ್ಪು ಸೇರಿಸಿ ಓಡಿಸಿದೆ. ಉತ್ತರ 1! ಕಾರಣ ಸಣ್ಣದು. ಕಿಸ್ಕಿಟ್ ಬಿಟ್‌ಗಳನ್ನು ಬಲದಿಂದ ಎಡಕ್ಕೆ ಬರೆಯುತ್ತದೆ. ತೆರೆಯ ಮೇಲೆ `01` ಅಂದರೆ ಮೊದಲ ಜೋಡಿಯ ಉತ್ತರವಾದ `c0` ಮಾತ್ರ 1, ಅಂದರೆ ಕೆಟ್ಟದ್ದು ಕ್ಯೂಬಿಟ್ 0. ನಾನು ಉಲ್ಟಾ ಓದಿ ಕ್ಯೂಬಿಟ್ 2 ತಿರುಗಿಸಿದ್ದೆ. ಎರಡು ತಿರುಗಿದ ಮೇಲೆ ಡಿಕೋಡ್ ಆದದ್ದು ಉಲ್ಟಾ. ಪ್ಲಸ್‌ಗೆ ಇದು ಗೊತ್ತೇ ಆಗಲ್ಲ, ಯಾಕಂದರೆ 0 ಮತ್ತು 1 ಅದಲುಬದಲಾದರೂ ಪ್ಲಸ್ ಪ್ಲಸ್ಸೇ. 0 ಹಾಕಿದಾಗ ಅಳತೆ ಕೆಡಿಸುವುದು ಕಾಣಲ್ಲ, ಪ್ಲಸ್ ಹಾಕಿದಾಗ ತಪ್ಪು ತಿದ್ದುಪಡಿ ಕಾಣಲ್ಲ. ಎರಡನ್ನೂ ಓಡಿಸಲೇಬೇಕು.

ನಿಜವಾಗಲೂ ಎರಡು ಕ್ಯೂಬಿಟ್ ತಿರುಗಿದರೆ ಈ ಕೋಡ್ ಹೀಗೇ ಮೋಸ ಹೋಗುತ್ತದೆ. ಪ್ರತಿಯೊಂದು ತಿರುಗುವ ಸಾಧ್ಯತೆ 0.1 ಇದ್ದರೆ, ಕೊನೆಗೆ ತಪ್ಪಾಗುವುದು 0.028.

ಕೊನೆಗೆ `x` ಬದಲು, 1ರ ಪದದ ಚಿಹ್ನೆ ಮಾತ್ರ ಬದಲಿಸುವ ಒಂದು `z` ಹಾಕಿದೆ. ಸಹಾಯಕಗಳ ಉತ್ತರ, ಅಂದರೆ ಸಿಂಡ್ರೋಮ್ `00`, ಎಲ್ಲ ಸರಿ ಅನ್ನೋ ಹಾಗೆ. ಪ್ಲಸ್ ಪರೀಕ್ಷೆಯಲ್ಲಿ ಮಾತ್ರ ಸಾವಿರಕ್ಕೆ ಸಾವಿರವೂ 1.