ಈಸಕ್ಕಿಯಾಸೆ ನಿಮಗೇಕೆ: ಲಕ್ಕಮ್ಮನ ಒಂದು ವಚನ, ಎರಡು ನಿಮಿಷದ ವಿಡಿಯೊ

ವಚನದ ಸಾಲುಸಾಲಿನ ಅರ್ಥ ಹೇಳುವ ವಿಡಿಯೊ ಕೆಡುವುದು ಕಷ್ಟದ ಪದಗಳಿಂದಲ್ಲ. ‘ಯಮದೂತ’ ಎಲ್ಲರಿಗೂ ಗೊತ್ತು, ಗೊತ್ತಿಲ್ಲದ್ದನ್ನು ನಿಘಂಟು ಹೇಳುತ್ತದೆ. ಕೆಡಿಸುವುದು ಇವತ್ತಿನ ಕನ್ನಡದಲ್ಲೂ ಇದ್ದು, ಆಗ ಬೇರೆ ಅರ್ಥ ಕೊಡುತ್ತಿದ್ದ ಪದಗಳು. ಅವನ್ನು ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಈ ವಚನದಲ್ಲಿ ಅಂಥವು ಮೂರು ನಾಲ್ಕು ಇವೆ.

ಆಸೆಯೆಂಬುದು ಅರಸಿಂಗಲ್ಲದೆ, ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ, ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ರಾಯಚೂರು ಜಿಲ್ಲೆಯವರಿಗೆ ಇದು ಮನೆಯ ವಚನ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಬಳಿಯ ಅಮರೇಶ್ವರದ ಹೆಸರೇ ಅಂಕಿತದಲ್ಲಿದೆ. ಗಂಡ ಮಾರಯ್ಯನ ಅಂಕಿತ ಬರೀ ‘ಅಮರೇಶ್ವರಲಿಂಗ’, ಹೆಂಡತಿಯದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ವಚನ ಯಾರದು ಎಂಬ ಗೊಂದಲ ಬಂದರೆ ಈ ಒಂದು ಪದ ನೋಡಿದರೆ ಸಾಕು.

ಮೊದಲ ಕೆಲಸ ಸಾಲು ಒಡೆಯುವುದು. ತಾಳೆಗರಿಯಲ್ಲಿ ಬರಹ ಬಿಡುವಿಲ್ಲದೆ ಸಾಗುತ್ತದೆ. ಸಾಲು, ಅಲ್ಪವಿರಾಮ, ಪ್ರಶ್ನೆಚಿಹ್ನೆ ಎಲ್ಲವೂ ಮುದ್ರಣಕ್ಕೆ ಸಿದ್ಧಮಾಡಿದವರು ಹಾಕಿದ್ದು. ಹಾಗಾಗಿ ಪುಸ್ತಕದ ನಾಲ್ಕು ಸಾಲನ್ನು ನಾಲ್ಕು ಕಾರ್ಡ್ ಮಾಡಲೇಬೇಕೆಂಬ ನಿಯಮವಿಲ್ಲ. ನಾನು ಐದು ಮಾಡಿದೆ. ಕಾರಣ ಕಿವಿಗೆ ಸಿಗುತ್ತದೆ: ಆಸೆ, ರೋಷ, ಈಸಕ್ಕಿ, ಈಶ್ವರ. ನಾಲ್ಕು ಮಾತುಗಳೂ ದೀರ್ಘ ಅಕ್ಷರದಿಂದ ಶುರುವಾಗುತ್ತವೆ, ಎರಡನೇ ಅಕ್ಷರದಲ್ಲಿ ಸ, ಷ, ಶಗಳಲ್ಲಿ ಒಂದು ಬರುತ್ತದೆ. ಪ್ರಾಸ ನಾಲ್ಕು ಕಡೆ ಬಿದ್ದಿರುವಾಗ ‘ಈಶ್ವರನೊಪ್ಪ’ವನ್ನು ಮೂರನೇ ಸಾಲಿನ ಬಾಲವಾಗಿ ಬಿಡಬಾರದು. ಅದಕ್ಕೆ ಬೇರೆ ಕಾರ್ಡ್ ಕೊಟ್ಟು, ಆ ನಾಲ್ಕು ಅಕ್ಷರಗಳಿಗೆ ಒಂದೇ ಬಣ್ಣ ಹಚ್ಚಿದರೆ ನೋಡುವವರಿಗೆ ಹೇಳದೆಯೇ ತಿಳಿಯುತ್ತದೆ.

ಇನ್ನು ಅರ್ಥ. ಮೊದಲ ಸಾಲಿನಲ್ಲೇ ಎರಡು ಗುಂಡಿಗಳಿವೆ. ‘ಅರಸಿಂಗಲ್ಲದೆ’ ನೋಡಿದ ತಕ್ಷಣ ‘ಅರಸಿ’ ಎಂದು, ಅಂದರೆ ರಾಣಿ ಎಂದು ಓದುವವರಿದ್ದಾರೆ. ಇದು ಅರಸು ಶಬ್ದದ ಚತುರ್ಥಿ: ಅರಸಿಂಗೆ, ಗುರುವಿಂಗೆ ಇದ್ದಂತೆ. ಅರಸಿಂಗೆ + ಅಲ್ಲದೆ, ಎಂದರೆ ಅರಸನಿಗೆ ಹೊರತು. ಎರಡನೆಯದು ಆ ‘ಅಲ್ಲದೆ’. ಇವತ್ತಿನ ವರದಿಗಳಲ್ಲಿ ‘ಅಲ್ಲದೆ’ ಎಂದರೆ ‘ಅದರ ಜೊತೆಗೆ’. ಆ ಕಿವಿಯಿಂದ ಕೇಳಿದರೆ ಅರಸನಿಗೂ ಆಸೆ, ಭಕ್ತನಿಗೂ ಆಸೆ ಎಂದಾಗಿ ವಚನ ತಲೆಕೆಳಗಾಗುತ್ತದೆ. ನಾನು ಹಿನ್ನೆಲೆ ಮಾತಿಗೆ ಬರೆದುಕೊಂಡದ್ದು ಇಷ್ಟು: “ಅರಸಿಂಗೆ ಅಂದರೆ ಅರಸನಿಗೆ. ಆಸೆ ಎಂಬುದು ಇದ್ದರೆ ಅರಸನಿಗೆ ಇದ್ದೀತು, ಶಿವಭಕ್ತರಿಗೆ ಎಲ್ಲಿಂದ ಬರಬೇಕು?” ಅರಸನಿಗೆ ಆಸೆ ಇರಬಾರದು ಎಂದು ಲಕ್ಕಮ್ಮ ಹೇಳುತ್ತಿಲ್ಲ, ಅರಸನನ್ನು ಅವನ ಪಾಡಿಗೆ ಬಿಟ್ಟಿದ್ದಾಳೆ. ಇಲ್ಲಿ ರಾಜರ ಮೇಲೆ ಭಾಷಣ ಸೇರಿಸಿದರೆ ಅದು ನಮ್ಮದಾಗುತ್ತದೆ, ಅವಳದಲ್ಲ.

ಎರಡನೇ ಸಾಲಿನ ‘ಅಜಾತ’ವನ್ನು ‘ಜಾತಿ ಇಲ್ಲದವರು’ ಎಂದು ಬರೆಯುವ ಆಸೆ ಬರುತ್ತದೆ. ಶರಣರ ವಿಚಾರಕ್ಕೆ ಅದು ಹೊಂದುತ್ತದೆ ಕೂಡ, ಅದಕ್ಕೇ ಅಪಾಯ. ಜಾತ ಎಂದರೆ ಹುಟ್ಟಿದ್ದು. ಅಜಾತರು ಹುಟ್ಟು ಸಾವಿನ ಸುತ್ತಿನಿಂದ ಹೊರಬಂದವರು. ಎದುರಿಗೆ ಯಮದೂತರು ನಿಂತಿರುವುದರಿಂದ ಈ ಅರ್ಥವೇ ಕೂಡುತ್ತದೆ: ಹುಟ್ಟೇ ಇಲ್ಲದವನ ಬಳಿ ಯಮದೂತನಿಗೆ ಏನು ಕೆಲಸ? ಅಕ್ಕಿಯ ಮಾತಿನ ನಡುವೆ ರೋಷ ಯಾಕೆ ಬಂತು ಎಂಬ ಪ್ರಶ್ನೆ ನೋಡುಗರಿಂದ ಬಂದೇ ಬರುತ್ತದೆ. ಅರಸು ಕಂದಾಯ ಒಯ್ಯುವವನು, ಯಮದೂತ ಜೀವ ಒಯ್ಯುವವನು, ಇಬ್ಬರೂ ಒಯ್ಯುವವರೇ. ಇದು ನನ್ನ ಓದು, ವಚನದಲ್ಲಿ ಬರೆದಿಲ್ಲ. ಹಾಗಾಗಿ ವಿಡಿಯೊದಲ್ಲಿ ‘ಹೀಗೂ ಓದಬಹುದು’ ಎಂಬ ಮಾತು ಸೇರಿಸಿಯೇ ಹೇಳಿದೆ.

ಹಿನ್ನೆಲೆಯ ಕಥೆಯನ್ನು ಬಹಳ ಜನ ವಿಡಿಯೊದ ಮೊದಲಿಗೇ ಇಡುತ್ತಾರೆ. ನಾನು ಎರಡನೇ ಸಾಲು ಮುಗಿದ ಮೇಲೆ ಇಟ್ಟೆ, ಯಾಕೆಂದರೆ ಅದು ಬೇಕಾಗುವುದು ‘ಈಸಕ್ಕಿ’ಗೆ. ಹದಿನಾಲ್ಕು ಸೆಕೆಂಡಿನ ಮಾತು: “ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ದಿನದ ಪಾಲಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮುಟ್ಟದೆ ತಿರುಗಿ ಕಳಿಸಿದಳು ಎಂದು ಪರಂಪರೆ ಹೇಳುತ್ತದೆ.” ಕೊನೆಯ ಮೂರು ಪದ ಬಿಡಬೇಡಿ. ವಚನದಲ್ಲಿರುವುದು ಅಕ್ಕಿ, ಆಸೆ, ಮಾರಯ್ಯ ಮಾತ್ರ. ಕಥೆ ಬಂದದ್ದು ಬೇರೆ ದಾರಿಯಿಂದ.

ಚಿತ್ರದಲ್ಲೂ ಇಲ್ಲೇ ಎಡವುತ್ತೇವೆ. ‘ಆಯ್ದ’ ಎಂದಾಗ ಕೈಗೆ ಸುಲಭವಾಗಿ ಸಿಗುವ ದೃಶ್ಯ ಹೆಂಗಸೊಬ್ಬಳು ಮೊರದಲ್ಲಿ ಅಕ್ಕಿ ಹಸನು ಮಾಡುವುದು. ಅದು ತಪ್ಪು. ಇಲ್ಲಿ ಆಯ್ದದ್ದು ನೆಲದಿಂದ, ಕಲ್ಲು ತೆಗೆಯಲಿಕ್ಕಲ್ಲ, ಆಯ್ದವನು ಗಂಡಸು. ಇನ್ನೊಂದು ತಪ್ಪು, ಅಕ್ಕಿ ಚೀಲ. ಸಿಂಧನೂರು, ಗಂಗಾವತಿ ಕಡೆಯವರಿಗೆ ಅಕ್ಕಿ ಅಂದರೆ ಮಿಲ್ಲು, ಚೀಲ, ಲಾರಿ. ಚೀಲ ತೋರಿಸಿದರೆ ಲಕ್ಕಮ್ಮ ತಡೆದದ್ದು ದೊಡ್ಡ ಕಳವನ್ನು ಎಂಬಂತಾಗುತ್ತದೆ. ಕಲ್ಲುಹಾಸಿನ ಮೇಲೆ ಹತ್ತಿಪ್ಪತ್ತು ಕಾಳು, ಒಂದು ಕೈ, ಒಂದು ಬಟ್ಟೆಯ ಗಂಟು: ಇಷ್ಟನ್ನು ಮನೆಯ ಮುಂದೆಯೇ ಬೆಳಗಿನ ಬಿಸಿಲಿನಲ್ಲಿ ಫೋನಿನಿಂದ ಹಿಡಿಯಬಹುದು. ಅಮರೇಶ್ವರದ ಗುಡಿಯ ದೃಶ್ಯ ಹಾಕುವುದಾದರೆ ಅಂಕಿತದ ಕಾರ್ಡಿಗೆ ಹಾಕಿ. ಅಕ್ಕಿಯ ಸಾಲಿನ ಮೇಲೆ ಹಾಕಿದರೆ ಘಟನೆ ಗುರುಗುಂಟಾದಲ್ಲೇ ನಡೆಯಿತು ಎಂದು ತಿಳಿಯುತ್ತಾರೆ. ಕಥೆಯ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯಲ್ಲಿದೆ.

‘ಈಸು’ ಎಂದರೆ ಇಷ್ಟು. ಈಸು + ಅಕ್ಕಿ + ಆಸೆ. ಈಜುವ ‘ಈಸು’ ಬೇರೆ. ನಮ್ಮ ಕಡೆ ‘ಏಸು ಮಂದಿ ಬಂದಾರ’ ಅನ್ನುವವರಿಗೆ ಈಸು, ಏಸುಗಳ ನಂಟು ಹೇಳಿಕೊಡಬೇಕಿಲ್ಲ. ನಾನು ಆ ಒಂದು ಆಡುಮಾತನ್ನೇ ಉದಾಹರಣೆಗೆ ಇಟ್ಟೆ. ಆದರೆ ‘ಇಷ್ಟು’ ಎನ್ನುವುದರಲ್ಲೇ ತೊಡಕಿದೆ: ಇಷ್ಟೊಂದು ಅಕ್ಕಿಯೋ, ಇಷ್ಟೇ ಇಷ್ಟು ಅಕ್ಕಿಯೋ? ಪದ ಎರಡಕ್ಕೂ ಒಗ್ಗುತ್ತದೆ. ಲಕ್ಕಮ್ಮನದೇ ಇನ್ನೊಂದು ವಚನ ‘ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ’ ಎಂದು ಶುರುವಾಗುತ್ತದೆ. ಅಲ್ಲಿ ‘ಮೀರಿ’ ಇರುವುದರಿಂದ ಇಲ್ಲೂ ‘ಇಷ್ಟೊಂದು’ ಎಂದೇ ತೆಗೆದುಕೊಂಡೆ. ಈ ನಿರ್ಧಾರ ಮೊದಲೇ ಆಗಬೇಕು, ಯಾಕೆಂದರೆ ಓದುವ ದನಿ ಅದರ ಮೇಲೆ ನಿಂತಿದೆ. ‘ಈಸಕ್ಕಿ’ಯ ಈಕಾರವನ್ನು ತುಸು ಎಳೆದರೆ ‘ಇಷ್ಟೊಂದು’ ಕೇಳಿಸುತ್ತದೆ, ಮೊಟಕಾಗಿ ಹೇಳಿದರೆ ‘ಇಷ್ಟೇ’ ಆಗುತ್ತದೆ. ‘ನಿಮಗೇಕೆ’ಯಲ್ಲಿ ಗಂಡನಿಗೆ ಬಹುವಚನವಿದೆ, ಗದರುವ ದನಿ ಬೇಡ.

ಎಲ್ಲಕ್ಕಿಂತ ದುಬಾರಿ ತಪ್ಪು ‘ಈಶ್ವರನೊಪ್ಪ’ದಲ್ಲಿ. ಇದು ಈಶ್ವರನು + ಒಪ್ಪ. ಒಪ್ಪ ಎಂದರೆ ಒಪ್ಪುವುದಿಲ್ಲ. ‘ಅವನೇನೂ ಅರಿಯ’ ಎಂದರೆ ಅರಿಯುವುದಿಲ್ಲ ಎನ್ನುವ ಹಾಗೆ. ಹಳೆಯ ನಿಷೇಧ ರೂಪದಲ್ಲಿ ‘ಇಲ್ಲ’ ಎಂಬ ಪದ ಕಾಣುವುದೇ ಇಲ್ಲ, ಕ್ರಿಯಾಪದದ ಒಳಗೇ ಅಡಗಿರುತ್ತದೆ. ಗೊತ್ತಿಲ್ಲದವರು ಇದನ್ನು ‘ಈಶ್ವರ ಒಪ್ಪುವವನು’ ಎಂದೋ, ಚಿನ್ನಕ್ಕೆ ಇಡುವ ‘ಒಪ್ಪ’ ಎಂದೋ ತಿಳಿಯುತ್ತಾರೆ. ಎರಡೇ ಪದದ ಸಾಲೆಂದು ಇದಕ್ಕೆ ನಾಲ್ಕು ಸೆಕೆಂಡು ಕೊಡಬೇಡಿ, ಹತ್ತು ಕೊಡಿ. ತೆರೆಯ ಮೇಲೆ ‘ಒಪ್ಪ = ಒಪ್ಪುವುದಿಲ್ಲ’ ಎಂಬುದು ಮಾತು ಮುಗಿಯುವವರೆಗೂ ಇರಲಿ.

ಅಂಕಿತದ ಸಾಲಿನಲ್ಲಿ ಮಾರಯ್ಯ ಎರಡು ಸಲ ಬರುತ್ತಾನೆ. ಮೊದಲನೆಯದು ದೇವರ ಹೆಸರಿನ ಭಾಗ, ಕೊನೆಯದು ಎದುರಿಗಿರುವ ಗಂಡನನ್ನು ಕರೆದದ್ದು. ಎರಡಕ್ಕೂ ಬೇರೆ ಬಣ್ಣ ಕೊಡಿ. ‘ಮಾರಾಯ’ ಎಂಬ ಈಗಿನ ಮಾತು ನೆನೆದು ಹುಡುಗರು ನಗುತ್ತಾರೆ. ಓದುವಾಗ ‘ದೂರ’ದ ನಂತರ ಅರ್ಧ ಕ್ಷಣ ನಿಂತರೆ ಹೆಸರು ಹೆಸರಾಗಿ ಕೇಳುತ್ತದೆ. ಯಾವುದು ದೂರ ಎಂದು ವಚನ ಬಿಡಿಸಿ ಹೇಳುವುದಿಲ್ಲ. “ಈ ಆಸೆ ಅಮರೇಶ್ವರಲಿಂಗಕ್ಕೆ ದೂರ” ಎಂದಷ್ಟೇ ಹೇಳಿ ಬಿಟ್ಟೆ.

ಹೊತ್ತಿನ ಲೆಕ್ಕ: ಇಡೀ ವಚನದ ಮೊದಲ ಓದು 16 ಸೆಕೆಂಡು, ಮೊದಲ ಸಾಲಿಗೆ 18, ಎರಡನೆಯದಕ್ಕೆ 20, ಕಥೆಗೆ 14, ಈಸಕ್ಕಿಗೆ 18, ಈಶ್ವರನೊಪ್ಪಕ್ಕೆ 10, ಅಂಕಿತಕ್ಕೆ 12, ಕೊನೆಯ ಓದಿಗೆ 12. ಒಟ್ಟು 120. ಓದು ಬಿಟ್ಟು ಉಳಿಯುವ 92 ಸೆಕೆಂಡಿಗೆ ನನ್ನ ವೇಗದಲ್ಲಿ ಸುಮಾರು 150 ಪದ ಹಿಡಿಸುತ್ತವೆ. ಅದಕ್ಕಿಂತ ಹೆಚ್ಚು ಬರೆದರೆ ಓಡಿಸಬೇಕಾಗುತ್ತದೆ, ಸಂಧಿ ಬಿಡಿಸಿದ್ದು ಕಿವಿಗೆ ನಿಲ್ಲುವುದಿಲ್ಲ. ಸಬ್‌ಟೈಟಲ್ ಕಡತವನ್ನು UTF-8ರಲ್ಲಿ ಉಳಿಸಬೇಕು:

```
7
00:01:08,000 --> 00:01:13,500
ಈಸು + ಅಕ್ಕಿ + ಆಸೆ
ಇಷ್ಟೊಂದು ಅಕ್ಕಿಯ ಆಸೆ
```

ಅಕ್ಷರದ ತೊಂದರೆ ಬೇರೆಯೇ. ಕೆಲವು ಎಡಿಟಿಂಗ್ ಆಪ್‌ಗಳು ಒತ್ತಕ್ಷರ ಕೂಡಿಸಲಾರವು, ‘ಈಶ್ವರ’ ಹೋಗಿ ‘ಈಶ್‌ವರ’ ಆಗುತ್ತದೆ. ಮೊದಲೇ ‘ಈಶ್ವರನೊಪ್ಪ, ಈಸಕ್ಕಿ, ಮಾರಯ್ಯ’ ಎಂದು ಹೊಡೆದು ನೋಡಿ. ಒಡೆದರೆ ಆ ಆಪಿನ ಜೊತೆ ಗುದ್ದಾಡದೆ, ಕಾರ್ಡುಗಳನ್ನು LibreOffice Impressನಲ್ಲಿ 1080 × 1920 ಅಳತೆಯ ಅನುಪಾತಕ್ಕೆ ಮಾಡಿ, PNG ಚಿತ್ರವಾಗಿ ತೆಗೆದು ಸೇರಿಸಿಕೊಳ್ಳಿ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಬೇಕು, ಇಲ್ಲದಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ತಗಲುತ್ತವೆ. ‘ಯಮದೂತರಿಗಲ್ಲದೆ’ ಉದ್ದದ ಪದ. ಅದು ಎಲ್ಲಿ ಮುರಿಯಬೇಕೆಂದು ಆಪಿಗೆ ಬಿಡದೆ ಅಕ್ಷರದ ಗಾತ್ರವನ್ನೇ ಇಳಿಸಿ. ತೆರೆಯ ಕೆಳಗಿನ ಕಾಲು ಭಾಗ ಖಾಲಿ ಇರಲಿ, ಅಲ್ಲಿ ಶೀರ್ಷಿಕೆ ಮತ್ತು ಗುಂಡಿಗಳು ಬಂದು ಕೂರುತ್ತವೆ.

ದನಿಗೆ ಫೋನ್ ಸಾಕು, ಬಾಯಿಂದ ಒಂದು ಗೇಣು ದೂರ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸುವುದು ಶಿಕ್ಷೆಯೇ, ಆದರೂ ನಿಲ್ಲಿಸಬೇಕು. ‘ರೋಷ’, ‘ಆಸೆ’ಗಳ ಷ, ಸ ಎರಡೂ ಫ್ಯಾನಿನ ಸದ್ದಿನಲ್ಲಿ ಕರಗಿ ಒಂದೇ ಆಗುತ್ತವೆ. ಕೋಣೆ ಗುಂಯ್‌ಗುಡುತ್ತಿದ್ದರೆ ಎದುರಿನ ಗೋಡೆಗೆ ಎರಡು ಕೌದಿ ತೂಗುಹಾಕಿ.

ಹಾಕುವ ಮುಂಚೆ ವಚನ ಓದಿರದ ಒಬ್ಬರಿಗೆ ದನಿ ಮುಚ್ಚಿ ಒಮ್ಮೆ, ದನಿಯೊಂದಿಗೆ ಒಮ್ಮೆ ತೋರಿಸಿ ಎರಡೇ ಪ್ರಶ್ನೆ ಕೇಳುತ್ತೇನೆ: ಅಕ್ಕಿ ತಂದದ್ದು ಯಾರು, ಈಶ್ವರ ಒಪ್ಪಿದನೋ ಇಲ್ಲವೋ. ಮೊದಲನೆಯದಕ್ಕೆ ‘ಲಕ್ಕಮ್ಮ’ ಎಂದರೆ ಚಿತ್ರ ಬದಲಿಸುತ್ತೇನೆ, ಎರಡನೆಯದಕ್ಕೆ ‘ಒಪ್ಪಿದ’ ಎಂದರೆ ಆ ಹತ್ತು ಸೆಕೆಂಡನ್ನು ಮತ್ತೆ ಮಾಡುತ್ತೇನೆ.