ಹೊಸ ಮಾನಿಟರ್‌ನಲ್ಲಿ ಸತ್ತ ಪಿಕ್ಸೆಲ್: ಅಂಗಡಿಗೆ ನಾನು ಬರೆದ ದೂರಿನ ಪತ್ರ

ಹೊಸ ಮಾನಿಟರ್‌ನಲ್ಲಿ ಬಿಳಿ ಪುಟ ತೆರೆದಾಗಲೆಲ್ಲ ನಡುಭಾಗದಲ್ಲಿ ಒಂದು ಕಪ್ಪು ಚುಕ್ಕೆ ಕಣ್ಣಿಗೆ ಚುಚ್ಚುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. 'ಒಂದೆರಡು ಚುಕ್ಕೆ ಎಲ್ಲ ಮಾನಿಟರ್‌ನಲ್ಲೂ ಇರುತ್ತೆ ಸರ್, ಅದು ವಾರಂಟಿಗೆ ಬರಲ್ಲ' ಅಂದರು. ಬಾಯಿಮಾತಿನಲ್ಲಿ ಇದು ಬಗೆಹರಿಯುವುದಿಲ್ಲ, ಬರೆದೇ ಕೊಡಬೇಕು ಅಂತ ಆಗಲೇ ತೀರ್ಮಾನಿಸಿದೆ.

ಬರೆಯುವ ಮೊದಲು ಪೂರ್ತಿ ಪರದೆ ತುಂಬುವಂತೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಒಂದೊಂದು ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಪುಟ್ಟ ಭಾಗ ಇರುತ್ತವೆ. ಮೂರೂ ಬೆಳಗದಿದ್ದರೆ ಪಿಕ್ಸೆಲ್ ಸತ್ತಿದೆ ಅಂತ ಅರ್ಥ, ಯಾವ ಬಣ್ಣ ಹಾಕಿದರೂ ಅದು ಕಪ್ಪಾಗೇ ಕಾಣುತ್ತದೆ. ನಡುವಿನ ಚುಕ್ಕೆ ಹಾಗೇ ಇತ್ತು. ಹತ್ತಿರದಿಂದ ನೋಡಿದರೆ ಅದು ಒಂದಲ್ಲ, ಅಕ್ಕಪಕ್ಕದ ಎರಡು ಪಿಕ್ಸೆಲ್. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೂ ಹೋಗಲಿಲ್ಲ, ಹಾಗಾಗಿ ಮೇಲೆ ಕೂತ ಧೂಳಲ್ಲ.

ಕೋಣೆಯ ದೀಪ ಆರಿಸಿ ಕಪ್ಪು ಚಿತ್ರ ಹಾಕಿದಾಗ ಇನ್ನೊಂದು ಸಿಕ್ಕಿತು. ಎಡಗಡೆ ಕೆಳಗೆ ಒಂದು ಸಣ್ಣ ಹಸಿರು ಚುಕ್ಕೆ ಉರಿಯುತ್ತಿತ್ತು. ಅಲ್ಲಿ ಹಸಿರು ಭಾಗ ಆರುವುದೇ ಇಲ್ಲ. ಬಿಳಿ ಪುಟದಲ್ಲಿ ಇದು ಕಾಣುವುದಿಲ್ಲ, ಯಾಕಂದ್ರೆ ಬಿಳಿ ಬೇಕಾದಾಗ ಹಸಿರೂ ಉರಿಯಲೇಬೇಕು.

ಆಮೇಲೆ ವಾರಂಟಿ ಪುಸ್ತಕ ತೆಗೆದು ಪಿಕ್ಸೆಲ್ ಬಗ್ಗೆ ಬರೆದ ಭಾಗ ಓದಿದೆ. ಕಂಪನಿಗಳು ಕಪ್ಪು ಚುಕ್ಕೆ ಮತ್ತು ಬೆಳಗುವ ಚುಕ್ಕೆಯನ್ನು ಸಾಮಾನ್ಯವಾಗಿ ಬೇರೆಬೇರೆ ಲೆಕ್ಕ ಹಾಕುತ್ತವೆ, ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ನನ್ನದರಲ್ಲಿ ಕಪ್ಪು ಚುಕ್ಕೆ 5ರವರೆಗೆ ಇದ್ದರೆ ದೋಷವಲ್ಲ. ಆದರೆ ಕಪ್ಪು ಹಿನ್ನೆಲೆಯಲ್ಲಿ ಸದಾ ಬೆಳಗುವ ಚುಕ್ಕೆ ಒಂದಿದ್ದರೂ ಬದಲಿ ಕೊಡಬೇಕು, ಪಿಕ್ಸೆಲ್‌ನ ಒಂದೇ ಬಣ್ಣದ ಭಾಗ ಬೆಳಗಿದರೂ ಅದೇ ಲೆಕ್ಕ. ಅಂದರೆ ನನಗೆ ದಿನವಿಡೀ ಕಿರಿಕಿರಿ ಕೊಟ್ಟ ಕಪ್ಪು ಚುಕ್ಕೆಗಳಿಂದ ಏನೂ ಸಿಗುತ್ತಿರಲಿಲ್ಲ. ನನ್ನ ಬೇಡಿಕೆ ನಿಂತಿದ್ದು ಆ ಹಸಿರು ಚುಕ್ಕೆಯ ಮೇಲೆ. 'ಡೆಡ್ ಪಿಕ್ಸೆಲ್ ಇದೆ' ಅಂತಷ್ಟೇ ಬರೆದಿದ್ದರೆ 'ಮಿತಿಯೊಳಗಿದೆ' ಅನ್ನುವ ಉತ್ತರ ಬರುತ್ತಿತ್ತು. ಅದಕ್ಕೇ ಪತ್ರದಲ್ಲಿ ಹಸಿರನ್ನು ಮೊದಲು ಇಟ್ಟೆ.

ಮೇಲೆ ಬಿಲ್ ನಂಬರ್, ಕೊಂಡ ದಿನ, ಮಾಡೆಲ್, ಸೀರಿಯಲ್ ನಂಬರ್ ಹಾಕಿದೆ. ಸೀರಿಯಲ್ ನಂಬರ್ ಮಾನಿಟರ್ ಹಿಂದಿನ ಚೀಟಿಯಿಂದ ಬರೆದುಕೊಂಡು, ಡಬ್ಬದ ಮೇಲಿನದರ ಜೊತೆ ತಾಳೆ ನೋಡಿದೆ. ಕೆಳಗಿನದು ಪತ್ರದ ಮುಖ್ಯ ಭಾಗ:

'ಮಾನ್ಯರೇ, ನಿಮ್ಮಲ್ಲಿ ಕೊಂಡ 24 ಇಂಚಿನ ಮಾನಿಟರ್‌ನಲ್ಲಿ, ಪರದೆಯ ಎಡ ಅಂಚಿನಿಂದ 9 ಸೆಂ.ಮೀ., ಮೇಲಿನ ಅಂಚಿನಿಂದ 22 ಸೆಂ.ಮೀ. ದೂರದಲ್ಲಿ ಒಂದು ಹಸಿರು ಚುಕ್ಕೆ ಕಪ್ಪು ಹಿನ್ನೆಲೆಯಲ್ಲಿ ಸದಾ ಬೆಳಗುತ್ತಿದೆ. ವಾರಂಟಿ ಪುಸ್ತಕದ ಪ್ರಕಾರ ಇಂಥ ಒಂದು ಚುಕ್ಕೆ ಇದ್ದರೂ ಬದಲಿ ಕೊಡಬೇಕು. ಆ ಪುಟದ ಪ್ರತಿ ಲಗತ್ತಿಸಿದ್ದೇನೆ. ಇದಲ್ಲದೆ ಎಡದಿಂದ 29 ಸೆಂ.ಮೀ., ಮೇಲಿನಿಂದ 13 ಸೆಂ.ಮೀ. ದೂರದಲ್ಲಿ ಎರಡು ಪಿಕ್ಸೆಲ್ ಪೂರ್ತಿ ಸತ್ತಿವೆ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಾಕಿದರೂ ಚುಕ್ಕೆಗಳು ಅದೇ ಜಾಗದಲ್ಲಿವೆ. ದಯವಿಟ್ಟು ಇದೇ ಮಾಡೆಲ್‌ನ ಹೊಸ ಮಾನಿಟರ್ ಕೊಡಿ. ರಿಪೇರಿ ಮಾಡಿದ ಹಳೆಯದು ಬೇಡ. 7 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ.'

ಅಳತೆ ಕೊಟ್ಟಿದ್ದಕ್ಕೆ ಕಾರಣ ಇದೆ. ಈ ಮಾನಿಟರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿ.ಮೀ. ಅಗಲ. ಬೆಳಕು ತುಂಬಿದ ಅಂಗಡಿಯಲ್ಲಿ 'ಏನೂ ಕಾಣ್ತಿಲ್ಲ' ಅನ್ನುವುದು ಬಹಳ ಸುಲಭ, ಅಲ್ವಾ? ಫೋಟೊ ತೆಗೆಯುವಾಗಲೂ ಚುಕ್ಕೆಯ ಪಕ್ಕ ಒಂದು ಸ್ಕೇಲ್ ಹಿಡಿದೆ, ಪೂರ್ತಿ ಪರದೆಯ ಇನ್ನೊಂದು ಫೋಟೊ ಸೇರಿಸಿದೆ. ಸ್ಕ್ರೀನ್‌ಶಾಟ್ ಇಲ್ಲಿ ಸುಮ್ನೆ ದಂಡ. ದೋಷ ಇರುವುದು ಪರದೆಯಲ್ಲಿ, ಕಂಪ್ಯೂಟರ್ ಕಳಿಸುವ ಚಿತ್ರದಲ್ಲಲ್ಲ.

ಬೆರಳಲ್ಲಿ ಒತ್ತಿದರೆ ಚುಕ್ಕೆ ಸರಿಹೋಗುತ್ತದೆ ಅಂತ ಒಬ್ಬ ಗೆಳೆಯ ಹೇಳಿದ. ನಾನು ಮುಟ್ಟಲಿಲ್ಲ. ಒತ್ತಿದ ಗುರುತು ಉಳಿದರೆ ಅದು ಗ್ರಾಹಕ ಮಾಡಿದ ಹಾನಿ ಅನ್ನಿಸಿಕೊಂಡು ವಾರಂಟಿಯೇ ಹೋಗಬಹುದು.

ಪತ್ರವನ್ನು ಇಮೇಲ್ ಮಾಡಿ, ಒಂದು ಪ್ರತಿಯನ್ನು ಅಂಗಡಿಯಲ್ಲೇ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡೆ. ಉತ್ತರ ಗಡುವಿನೊಳಗೇ ಬಂತು: ಮಾನಿಟರ್ ತನ್ನಿ, ಪರೀಕ್ಷೆ ಮಾಡುತ್ತೇವೆ. ಅಲ್ಲಿನ ಹುಡುಗ ಕಪ್ಪು ಚಿತ್ರ ಹಾಕಿ, ಸ್ಕೇಲ್ ಇಟ್ಟು ನೋಡಿದ. ಹಸಿರು ಚುಕ್ಕೆ ಪತ್ರದಲ್ಲಿ ಹೇಳಿದ ಜಾಗದಲ್ಲೇ ಇತ್ತು. ಬದಲಿ ಕೊಡಲು ಒಪ್ಪಿದರು. ಹೊಸದನ್ನು ಅಲ್ಲೇ ಬಿಚ್ಚಿಸಿ, ಐದೂ ಬಣ್ಣ ಹಾಕಿ ನೋಡಿ, ಹೊಸ ಸೀರಿಯಲ್ ನಂಬರನ್ನು ಬಿಲ್ ಮೇಲೆ ಬರೆಸಿಕೊಂಡು ಮನೆಗೆ ತಂದೆ.